‘ಒಂದು ಗ್ರಾಂ ಗೋಲ್ಡ್’ ಅಂತ ಬರೆಯಬಹುದಾ?

ಓದುಗರ ಪ್ರಶ್ನೆ: ಮಂಡ್ಯದಲ್ಲಿ ಮನೆಯಿಂದಲೇ ಒಡವೆ ವ್ಯಾಪಾರ ಮಾಡುತ್ತೇನೆ. ವಾಟ್ಸ್ಆಪ್‌ನಲ್ಲಿ ಫೋಟೊ ಹಾಕಿ ಮಾರುವುದು. ಮಾಲು ಕಳಿಸುವವರು ಎಲ್ಲದಕ್ಕೂ ‘ಒಂದು ಗ್ರಾಂ ಗೋಲ್ಡ್’ ಅಂತ ಬರೆದು ಕಳಿಸುತ್ತಾರೆ. ನಾನೂ ಹಾಗೇ ಹಾಕುತ್ತಿದ್ದೆ. ಮೊನ್ನೆ ಒಬ್ಬರು, ‘ಅಕ್ಕಾ, ಇದನ್ನ ಕರಗಿಸಿದ್ರೆ ಒಂದು ಗ್ರಾಂ ಸಿಗುತ್ತಾ?’ ಅಂತ ಕೇಳಿದರು. ಬಾಯಿ ಕಟ್ಟಿಹೋಯಿತು. ಏನಂತ ಬರೆದರೆ ಸರಿ? ‘ಆರ್ಟಿಫಿಶಿಯಲ್’ ಅಂತ ಹಾಕಿದರೆ ಯಾರೂ ಕೊಳ್ಳುವುದಿಲ್ಲ ಅನ್ನುವ ಭಯವೂ ಇದೆ.

ಉತ್ತರ: ಸಿಗುವುದಿಲ್ಲ. ನಿಮ್ಮ ಗಿರಾಕಿ ಕೇಳಿದ್ದು ಸರಿಯಾದ ಪ್ರಶ್ನೆಯೇ. ಅದನ್ನೇ ಹಿಡಿದು ಲೆಕ್ಕ ಹಾಕೋಣ.

ಒಂದು ಕಾಸಿನ ಸರ ತೆಗೆದುಕೊಳ್ಳಿ. ಲಕ್ಷ್ಮಿ ಮುದ್ರೆಯ 40 ಕಾಸು, ಒಂದೊಂದೂ ಒಂದೂವರೆ ಸೆಂಟಿಮೀಟರ್ ಅಗಲ. ಎರಡೂ ಮುಖ ಸೇರಿಸಿ, ಕೊಂಡಿ ಸರಪಳಿಯನ್ನೂ ಸೇರಿಸಿದರೆ ಲೇಪನ ಹತ್ತಬೇಕಾದ ಜಾಗ ಸುಮಾರು 150 ಚದರ ಸೆಂಟಿಮೀಟರ್. ಅಗ್ಗದ ಮಾಲಿಗೆ ಕೊಡುವ ಚಿನ್ನದ ನೀರು ತುಂಬಾ ತೆಳು. ಅದು 0.1 ಮೈಕ್ರಾನ್ ಇದೆ ಅಂದುಕೊಳ್ಳಿ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ಇದು ಅದರಲ್ಲೂ ಹತ್ತನೇ ಒಂದು. ನಮ್ಮ ತಲೆಕೂದಲಿನ ದಪ್ಪವೇ ಐವತ್ತು ಮೈಕ್ರಾನಿಗಿಂತ ಜಾಸ್ತಿ ಇರುತ್ತದೆ. ಚಿನ್ನ ಒಂದು ಘನ ಸೆಂಟಿಮೀಟರಿಗೆ 19.3 ಗ್ರಾಂ ತೂಗುತ್ತದೆ. ಗುಣಿಸಿ ನೋಡಿದರೆ ಇಡೀ ಸರದ ಮೇಲಿರುವ ಚಿನ್ನ ಸುಮಾರು 29 ಮಿಲಿಗ್ರಾಂ. ಅಂದರೆ ಒಂದು ಗ್ರಾಂ ಚಿನ್ನದಲ್ಲಿ ಇಂಥ ಮೂವತ್ತಕ್ಕೂ ಹೆಚ್ಚು ಸರಗಳಿಗೆ ನೀರು ಕೊಡಬಹುದು!

ಅದೇ ಸರದ ಮೇಲೆ ನಿಜವಾಗಿ ಒಂದು ಗ್ರಾಂ ಕೂರಬೇಕಾದರೆ ಲೇಪನ ಸುಮಾರು ಮೂರೂವರೆ ಮೈಕ್ರಾನ್ ದಪ್ಪ ಇರಬೇಕು. ಹಾಗೆ ಮಾಡಲಾಗದು ಅಂತಲ್ಲ. ಮಾಡಬಹುದು. ಆದರೆ ಆಗ ಸರದ ಬೆಲೆ ಒಂದು ಗ್ರಾಂ ಚಿನ್ನದ ಬೆಲೆಗಿಂತ ಕೆಳಗೆ ಇಳಿಯುವುದಿಲ್ಲ. ಎಂಟುನೂರು ರೂಪಾಯಿಯ ಹಾರದಲ್ಲಿ ಒಂದು ಗ್ರಾಂ ಚಿನ್ನ ಇದೆ ಅಂತ ಯಾರಾದರೂ ಹೇಳಿದರೆ ಲೇಪನದ ಲೆಕ್ಕವೇ ಬೇಡ, ಪೇಪರಿನಲ್ಲಿ ಆ ದಿನದ ಚಿನ್ನದ ದರ ನೋಡಿದರೆ ಸಾಕು.

ನಮ್ಮ ವ್ಯಾಪಾರದೊಳಗೆ ಇರುವವರಿಗೆ ‘ಒಂದು ಗ್ರಾಂ ಗೋಲ್ಡ್’ ಅನ್ನುವುದು ತೂಕ ಅಲ್ಲ, ಮಾಲಿನ ಒಂದು ಜಾತಿಯ ಹೆಸರು ಅಂತ ಗೊತ್ತಿರುತ್ತದೆ. ಮೊದಲು ‘ಉಮಾ ಗೋಲ್ಡ್’, ‘ರೋಲ್ಡ್ ಗೋಲ್ಡ್’, ‘ಕವರಿಂಗ್’ ಅನ್ನುತ್ತಿದ್ದೆವು. ನಮ್ಮಜ್ಜಿ ಎಲ್ಲವನ್ನೂ ಒಂದೇ ಮಾತಿನಲ್ಲಿ ‘ಗಿಲೀಟು’ ಅಂದುಬಿಡುತ್ತಿದ್ದರು. ಆ ಹಳೆಯ ಪದದಲ್ಲಿ ಯಾರಿಗೂ ಮೋಸ ಆಗುತ್ತಿರಲಿಲ್ಲ ನೋಡಿ. ಹೊಸ ಹೆಸರಿನ ತೊಂದರೆ ಏನೆಂದರೆ, ಅದರಲ್ಲಿ ಲೋಹದ ಹೆಸರೂ ಇದೆ, ತೂಕವೂ ಇದೆ. ಹೊರಗಿನವರು ಅದನ್ನು ಅಕ್ಷರಶಃ ಓದುತ್ತಾರೆ. ಓದಿದ್ದು ಅವರ ತಪ್ಪಲ್ಲ.

ನನಗೆ ಇದು ಮನದಟ್ಟಾಗಿದ್ದು ಒಂದು ಗಿರವಿ ಅಂಗಡಿಯಲ್ಲಿ. ಮದ್ದೂರು ಕಡೆಯ ಒಬ್ಬ ಹಿರಿಯ ಹೆಂಗಸು ಸೊಸೆಗೆ ಮದುವೆಯಲ್ಲಿ ಬಂದಿದ್ದ ಸರ ತಂದಿದ್ದರು. ಡಬ್ಬಿಯ ಮೇಲೆ ‘1 ಗ್ರಾಂ ಗೋಲ್ಡ್’ ಅಂತ ಅಚ್ಚಾಗಿತ್ತು. ಪೂರ್ತಿ ಚಿನ್ನ ಅಲ್ಲ ಅಂತ ಅವರಿಗೂ ಗೊತ್ತಿತ್ತು. ‘ಒಂದು ಗ್ರಾಮಿಗೆ ಎಷ್ಟು ಬತ್ತದೋ ಅಷ್ಟು ಕೊಡಿ ಸಾಕು’ ಅಂತ ಕೇಳಿದರು. ಅಂಗಡಿಯವರು ಒರೆಗಲ್ಲಿಗೆ ಒಂದು ಸಲ ಉಜ್ಜಿ, ಏನೂ ಮಾತಾಡದೆ ಡಬ್ಬಿಯೊಳಗಿಟ್ಟು ವಾಪಸ್ ಕೊಟ್ಟರು. ಆ ಸರ ಮಾರಿದವರು ಸುಳ್ಳು ಹೇಳಿದ್ದರೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದೇನೇ ಇರಲಿ, ಡಬ್ಬಿ ಮಾತ್ರ ಬೇರೆಯದನ್ನೇ ಹೇಳುತ್ತಿತ್ತು.

ಹಾಗಾದರೆ ಏನು ಬರೆಯಬೇಕು? ಮೂರು ವಿಷಯ ಗೊತ್ತಿದ್ದರೆ ವಾಕ್ಯ ತಾನಾಗಿಯೇ ಆಗುತ್ತದೆ. ಒಳಗಿನ ಲೋಹ ಯಾವುದು, ಮೇಲಿರುವುದು ಏನು, ಕಲ್ಲು ಯಾವುದು.

ಒಳಗಿನ ಲೋಹದ ವಿಷಯದಲ್ಲೇ ಎಲ್ಲರೂ ಜಾರುವುದು. ಸಪ್ಲೈಯರನ್ನು ಕೇಳಿದರೆ ‘ಒಳ್ಳೆ ಕ್ವಾಲಿಟಿ ಮೇಡಂ’ ಅನ್ನುತ್ತಾರೆ. ಅದು ಉತ್ತರ ಅಲ್ಲ. ತಾಮ್ರವಾ, ಹಿತ್ತಾಳೆಯಾ, ಬಿಳಿ ಮಿಶ್ರಲೋಹವಾ ಅಂತ ಬಿಡಿಸಿ ಕೇಳಿ, ಉತ್ತರವನ್ನು ಮೆಸೇಜಿನಲ್ಲೇ ತರಿಸಿಕೊಳ್ಳಿ. ಹೊಸ ಲಾಟ್ ಬಂದಾಗ ಒಂದು ಪೀಸನ್ನು ಬಲಿ ಕೊಡಿ. ಮೊದಲು ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಒಳಗೆ ಕಬ್ಬಿಣ ಇದೆ. ತಾಮ್ರ, ಹಿತ್ತಾಳೆ ಅಂಟುವುದಿಲ್ಲ. ಕೊಂಡಿ ಮಾತ್ರ ಅಂಟಿದರೆ ಗಾಬರಿ ಬೇಡ, ಅದರೊಳಗೆ ಉಕ್ಕಿನ ಸ್ಪ್ರಿಂಗ್ ಇರಬಹುದು. ಆಮೇಲೆ ಹಿಂಬದಿಯಲ್ಲಿ ಅರದಿಂದ ಸ್ವಲ್ಪ ಉಜ್ಜಿ. ಕೆಂಪು ಕಂಡರೆ ತಾಮ್ರ, ಹಳದಿ ಕಂಡರೆ ಹಿತ್ತಾಳೆ, ಬೂದು ಬಿಳುಪು ಕಂಡರೆ ಮಿಶ್ರಲೋಹ. ಇದು ಲ್ಯಾಬ್ ಪರೀಕ್ಷೆ ಅಲ್ಲ, ಸಪ್ಲೈಯರ್ ಹೇಳಿದ್ದಕ್ಕೂ ಕೈಗೆ ಬಂದಿದ್ದಕ್ಕೂ ತಾಳೆ ಆಗುತ್ತಾ ಅಂತ ನೋಡುವುದಕ್ಕೆ ಅಷ್ಟೇ. ತಾಳೆ ಆಗದಿದ್ದರೆ ‘ಮಿಶ್ರಲೋಹ’ ಅಂತಲೇ ಬರೆಯಿರಿ. ‘ಪಂಚಲೋಹ’ ಅನ್ನುವ ಮಾತನ್ನಂತೂ ಐದು ಲೋಹದ ಹೆಸರು ಹೇಳಲು ಬಾರದೆ ಬಳಸಬೇಡಿ.

ಮೇಲಿರುವುದು ಏನು ಅನ್ನುವುದರಲ್ಲಿ ಎರಡು ಬಗೆ ಇದೆ. ನಿಜವಾಗಿ ಚಿನ್ನದ ಲೇಪನ ಇದ್ದರೆ ‘ಚಿನ್ನದ ಲೇಪನ’. ಬರೀ ಹಳದಿ ಹೊಳಪೋ, ಬಣ್ಣದ ಲ್ಯಾಕರೋ ಆಗಿದ್ದರೆ ‘ಚಿನ್ನದ ಬಣ್ಣ’. ಎಷ್ಟೋ ಬಳೆಗಳ ಮೇಲೆ ಒಂದು ಕಣ ಚಿನ್ನವೂ ಇರುವುದಿಲ್ಲ. ಲೇಪನ ಎಷ್ಟು ಮೈಕ್ರಾನ್ ಅಂತ ಕೇಳಿ, ಅಂಕಿ ಬರಹದಲ್ಲಿ ಬಂದರೆ ಮಾತ್ರ ಹಾಕಿ. ‘ಮೈಕ್ರೋ ಪ್ಲೇಟಿಂಗ್’ ಅನ್ನುವ ಪದ ಅಂಕಿ ಅಲ್ಲ. ‘ಮ್ಯಾಟ್’, ‘ಆಂಟಿಕ್’, ‘ಟೆಂಪಲ್’ ಇವೆಲ್ಲ ನೋಟದ ಹೆಸರು, ಧಾರಾಳವಾಗಿ ಬಳಸಿ, ಮೋಸ ಏನಿಲ್ಲ. ಒಂದೇ ಎಚ್ಚರಿಕೆ, ‘ಆಂಟಿಕ್’ ಅಂದಾಗ ‘ಫಿನಿಶ್’ ಅನ್ನುವುದನ್ನು ಬಿಡಬೇಡಿ. ಬಿಟ್ಟರೆ ಹಳೇ ಕಾಲದ ಒಡವೆ ಅಂತ ಅರ್ಥ ಆಗುತ್ತದೆ.

ಕಲ್ಲಿನದು ಸುಲಭ. ‘ಕೆಂಪು ಗಾಜಿನ ಕಲ್ಲು’ ಅಂದರೆ ಗಾಜು, ‘ರೂಬಿ’ ಅಂದರೆ ಮಾಣಿಕ್ಯ. ‘ಎ.ಡಿ. ಸ್ಟೋನ್’ ವಜ್ರ ಅಲ್ಲ, ಜಿರ್ಕೋನಿಯಾ ಕಲ್ಲು ಅಂತ ಒಂದು ಪದ ಸೇರಿಸಿದರೆ ಮುಗಿಯಿತು.

ಈಗ ಪದಗಳ ಜೋಡಣೆ. ನಮ್ಮ ಭಾಷೆಯಲ್ಲಿ ಒಡವೆಯ ಹೆಸರಿಗೆ ಒತ್ತಿಕೊಂಡು ಯಾವ ಪದ ಬರುತ್ತದೋ ಒಡವೆ ಅದರದ್ದೇ ಆಗಿಬಿಡುತ್ತದೆ. ‘ಚಿನ್ನದ ಸರ’ ಅಂತ ಮೊದಲು ಬರೆದು ಆಮೇಲೆ ‘ಲೇಪನ’ ಅಂತ ಸೇರಿಸಿದರೂ ಓದಿದವರ ತಲೆಯಲ್ಲಿ ಉಳಿಯುವುದು ಚಿನ್ನದ ಸರವೇ. ‘ತಾಮ್ರದ ಸರ’ ಅಂತ ಕೂಡಿಸಿ, ಚಿನ್ನವನ್ನು ಲೇಪನದ ಪಕ್ಕದಲ್ಲಿ ಕೂರಿಸಿ. ಮೊಬೈಲಿನಲ್ಲಿ ಉದ್ದದ ಹೆಸರು ಅರ್ಧಕ್ಕೇ ಕತ್ತರಿಸಿ ಕಾಣುತ್ತದೆ ಅನ್ನುವುದನ್ನೂ ಮರೆಯಬೇಡಿ. ಕೊನೆಯಲ್ಲಿ ಸಣ್ಣದಾಗಿ ನಿಜ ಹೇಳಿದರೆ ಅದು ಕಾಣುವುದೇ ಇಲ್ಲ.

ನಿಮಗೆ ಬರುವ ಬರಹ ಹೀಗಿರುತ್ತದೆ ಅಲ್ವಾ: ‘ಒರಿಜಿನಲ್ ಒನ್ ಗ್ರಾಂ ಗೋಲ್ಡ್ ಲಕ್ಷ್ಮಿ ಕಾಸಿನ ಸರ, 916 ಫಿನಿಶ್, ಲೈಫ್‌ಲಾಂಗ್ ಗ್ಯಾರಂಟಿ, ನೋ ಅಲರ್ಜಿ.’

ಇದನ್ನು ನಾನಾದರೆ ಹೀಗೆ ಬರೆಯುತ್ತೇನೆ: ‘ತಾಮ್ರದ ಕಾಸಿನ ಸರ, ಮೇಲೆ ತೆಳು ಚಿನ್ನದ ಲೇಪನ. ಆರ್ಟಿಫಿಶಿಯಲ್ ಒಡವೆ. ಲಕ್ಷ್ಮಿ ಮುದ್ರೆಯ 40 ಕಾಸು, ಮ್ಯಾಟ್ ಫಿನಿಶ್, ಕೆಂಪು ಗಾಜಿನ ಕಲ್ಲು. ಉದ್ದ 24 ಇಂಚು. ಕರಗಿಸಿದರೆ ಚಿನ್ನ ಸಿಗುವುದಿಲ್ಲ, ಗಿರವಿಗೆ ಆಗುವುದಿಲ್ಲ. 6 ತಿಂಗಳೊಳಗೆ ಬಣ್ಣ ಹೋದರೆ ಒಂದು ಸಲ ಪಾಲಿಶ್ ಮಾಡಿಸಿ ಕೊಡುತ್ತೇವೆ, ಕೊರಿಯರ್ ಖರ್ಚು ನಿಮ್ಮದು.’

ತೆಗೆದ ಮಾತುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ‘916’. ಅದು ಹೊಳಪಿನ ಹೆಸರಲ್ಲ. ಸಾವಿರದಲ್ಲಿ 916 ಪಾಲು ಚಿನ್ನ, ಅಂದರೆ 22 ಕ್ಯಾರೆಟ್ ಅಂತ ಅರ್ಥ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯ ಇರುವ ಕಡೆ ಅಂಗಡಿಯಲ್ಲಿ ಮಾರುವ ಚಿನ್ನದ ಒಡವೆಯ ಮೇಲೆ ಬಿಐಎಸ್ ಗುರುತು, ಶುದ್ಧತೆ, ಜೊತೆಗೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಸಂಖ್ಯೆ ಇರಬೇಕು. ಮೈಸೂರಿನ ಅಶೋಕ ರಸ್ತೆಯ ಅಂಗಡಿಯಲ್ಲಿ ಕೊಂಡ ಉಂಗುರದ ಮೇಲೆ ಆ ಸಂಖ್ಯೆ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ನಿಮ್ಮ ಸರದ ಮೇಲೆ ಅದು ಇರುವುದಿಲ್ಲ, ಇರಲೂ ಬಾರದು. ಹಾಗಾಗಿ ‘916’ ಅಚ್ಚು ಹಾಕಿದ ಮಾಲು ಬಂದರೆ ಬರಹ ತಿದ್ದಿ ಮಾರುವ ಯೋಚನೆ ಬೇಡ. ಮಾಲನ್ನೇ ವಾಪಸ್ ಕಳಿಸಿ.

‘ಅಲರ್ಜಿ ಆಗಲ್ಲ’ ಅನ್ನುವುದೂ ಬೇಡ. ಎಷ್ಟೋ ಕಡೆ ಚಿನ್ನದ ನೀರಿನ ಅಡಿಯಲ್ಲಿ ನಿಕ್ಕಲ್ ಪದರ ಕೊಟ್ಟಿರುತ್ತಾರೆ. ಮೇಲಿನದು ಸವೆದ ಮೇಲೆ ಅದು ಚರ್ಮಕ್ಕೆ ತಾಗುತ್ತದೆ, ಕೆಲವರಿಗೆ ತುರಿಕೆ, ಗಂದೆ ಏಳುತ್ತದೆ. ಓಲೆಯಲ್ಲಿ ಇದು ಜಾಸ್ತಿ. ನಿಕ್ಕಲ್ ಇಲ್ಲ ಅಂತ ಸಪ್ಲೈಯರ್ ಬರೆದು ಕೊಡದಿದ್ದರೆ ನೀವು ಭರವಸೆ ಕೊಡಬೇಡಿ.

ಕಾನೂನಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿನ ವಿರುದ್ಧ ದೂರು ಕೊಡಲು ಅವಕಾಶ ಇದೆ. ‘ಸಪ್ಲೈಯರ್ ಬರೆದದ್ದನ್ನೇ ಹಾಕಿದೆ’ ಅನ್ನುವುದು ನಿಮ್ಮ ಸಮಾಧಾನಕ್ಕೆ ಸರಿ, ಆದರೆ ದುಡ್ಡು ಇಸಿದುಕೊಂಡವರು ನೀವು. ಬಿಲ್ ಕೊಡುವುದಾದರೆ ಅದರಲ್ಲೂ ‘ಇಮಿಟೇಶನ್ ಜುವೆಲ್ಲರಿ’ ಅಂತಲೇ ಇರಲಿ. ಜಿಎಸ್‌ಟಿಯಲ್ಲಿ ಇದಕ್ಕೆ 7117 ಅಂತ ಬೇರೆಯೇ ಸಂಖ್ಯೆ ಇದೆ, ಚಿನ್ನದ ಒಡವೆಯದು 7113.

ಇನ್ನು ನಿಮ್ಮ ಭಯ. ಸ್ವಲ್ಪ ಗಿರಾಕಿ ಕಡಿಮೆ ಆಗಬಹುದು, ಸುಳ್ಳು ಹೇಳುವುದಿಲ್ಲ. ಹೋಗುವವರು ಚಿನ್ನ ಸಿಗುತ್ತದೆ ಅಂದುಕೊಂಡು ಬಂದವರು, ಅವರು ಹೇಗಿದ್ದರೂ ಜಗಳಕ್ಕೆ ವಾಪಸ್ ಬರುತ್ತಿದ್ದರು. ವರಮಹಾಲಕ್ಷ್ಮಿ ಹಬ್ಬಕ್ಕೆ ದೇವಿಗೆ ಹಾಕಲು, ಮದುವೆಯಲ್ಲಿ ಎರಡು ಗಂಟೆ ತೊಡಲು, ಬಸ್ಸಿನಲ್ಲಿ ಹೆದರದೆ ಹಾಕಿಕೊಂಡು ಓಡಾಡಲು ಸರ ಹುಡುಕುವವರಿಗೆ ‘ತಾಮ್ರ’ ಅನ್ನುವ ಪದ ಅಡ್ಡ ಬರುವುದಿಲ್ಲ. ಅವರು ಕೇಳುವುದು ಬಣ್ಣ ಎಷ್ಟು ದಿನ ನಿಲ್ಲುತ್ತದೆ, ಕುತ್ತಿಗೆ ಹಸಿರಾಗುತ್ತದಾ ಅಂತ. ಬೆವರಿಗೆ ತಾಮ್ರ ಹಸಿರು ಬಿಡುತ್ತದೆ, ಹಿತ್ತಾಳೆಯೂ ಬಿಡುತ್ತದೆ. ಸೆಂಟು ಹೊಡೆದುಕೊಂಡ ಮೇಲೆ ಸರ ಹಾಕಿ, ತೆಗೆದ ಮೇಲೆ ಒಣಬಟ್ಟೆಯಲ್ಲಿ ಒರೆಸಿಡಿ ಅಂತ ಹೇಳಿ.

ಇನ್ನೊಂದು. ಫೋಟೊ ಒಂದೇ ಕಡೆ ನಿಲ್ಲುವುದಿಲ್ಲ. ಫಾರ್ವರ್ಡ್ ಆಗುವಾಗ ಕೆಳಗಿನ ಬರಹ ಬಿದ್ದುಹೋಗಬಹುದು. ‘ತಾಮ್ರ, ಚಿನ್ನದ ಲೇಪನ’ ಅನ್ನುವುದನ್ನು ಫೋಟೊದ ಮೇಲೆಯೇ ಬರೆದುಬಿಡಿ. ಡಬ್ಬಿಯೊಳಗೂ ಅದೇ ಮಾತಿನ ಒಂದು ಚೀಟಿ ಇಡಿ, ಮುಚ್ಚಳದ ಮೇಲೆ ‘1 ಗ್ರಾಂ ಗೋಲ್ಡ್’ ಅಂತ ಅಚ್ಚಾಗಿದ್ದರೆ ಸಾದಾ ಡಬ್ಬಿಗೆ ಬದಲಾಯಿಸಿ. ನಿಮ್ಮಿಂದ ಕೊಂಡವರಿಗೆ ಎಲ್ಲ ಗೊತ್ತಿರುತ್ತದೆ. ಹತ್ತು ವರ್ಷದ ನಂತರ ಬೀರುವಿನಲ್ಲಿ ಆ ಡಬ್ಬಿ ತೆರೆಯುವವರಿಗೆ ಗೊತ್ತಿರುವುದಿಲ್ಲ.