ನಯಾಸಿನಮೈಡ್ ಸೀರಮ್ ಹಚ್ಚಿದರೆ ಓಪನ್ ಪೋರ್ಸ್ ಮುಚ್ಚುತ್ತವೆಯೇ?

ಪ್ರಶ್ನೆ: ನನಗೆ 26 ವರ್ಷ, ಎಣ್ಣೆ ಚರ್ಮ. ಮೂಗು, ಕೆನ್ನೆಯ ಓಪನ್ ಪೋರ್ಸ್‌ಗೆಂದು 10% ನಯಾಸಿನಮೈಡ್ ಸೀರಮ್ ಅನ್ನು ಒಂದು ತಿಂಗಳಿನಿಂದ ದಿನಕ್ಕೆ ಎರಡು ಸಲ ಹಚ್ಚುತ್ತಿದ್ದೇನೆ. ಜಿಡ್ಡು ಕಡಿಮೆಯಾಗಿದೆ, ರಂಧ್ರಗಳು ಹಾಗೇ ಇವೆ, ಕೆನ್ನೆ ಉರಿಯುತ್ತದೆ. ಮುಂದುವರಿಸಲೇ?

ಉತ್ತರ: ಸದ್ಯಕ್ಕೆ ನಿಲ್ಲಿಸಿ. ಉರಿ ಪೂರ್ತಿ ಇಳಿಯುವವರೆಗೆ ಸೌಮ್ಯವಾದ ಫೇಸ್‌ವಾಶ್, ಮಾಯಿಶ್ಚರೈಸರ್ ಮತ್ತು ಹಗಲಿನಲ್ಲಿ ಸನ್‌ಸ್ಕ್ರೀನ್ ಬಿಟ್ಟು ಬೇರೇನೂ ಬೇಡ.

ನೀವು ನೋಡುತ್ತಿರುವ ರಂಧ್ರ ಕೂದಲಿನ ಬುಡದ ಬಾಯಿ. ಎಣ್ಣೆ ಗ್ರಂಥಿಯ ಜಿಡ್ಡು ಹೊರಬರುವುದೂ ಅಲ್ಲಿಂದಲೇ. ಅದನ್ನು ತೆರೆದು ಮುಚ್ಚುವ ಸ್ನಾಯು ಯಾವುದೂ ಇಲ್ಲ. ಹಾಗಾಗಿ ಯಾವ ಸೀರಮ್ಮೂ ಅದನ್ನು ಮುಚ್ಚಲಾರದು. ಜಿಡ್ಡು, ಸತ್ತ ಜೀವಕೋಶಗಳು ತುಂಬಿದಾಗ ಆ ಬಾಯಿ ಹಿಗ್ಗಿ ಕಪ್ಪಾಗಿ ಎದ್ದು ಕಾಣುತ್ತದೆ. ವಯಸ್ಸು ಮತ್ತು ಬಿಸಿಲಿನಿಂದ ಸುತ್ತಲಿನ ಚರ್ಮ ಸಡಿಲವಾದಾಗಲೂ ಅಗಲವಾಗುತ್ತದೆ. ನಯಾಸಿನಮೈಡ್ ನೆರವಾಗುವುದು ಮುಖ್ಯವಾಗಿ ಮೊದಲನೆಯದಕ್ಕೆ. ಜಿಡ್ಡು ತಗ್ಗಿದರೆ ರಂಧ್ರ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ, ಅಷ್ಟೇ. ಅದಕ್ಕೂ ಎಂಟರಿಂದ ಹನ್ನೆರಡು ವಾರ ಬೇಕು. ನಿಮ್ಮ ಜಿಡ್ಡು ಇಳಿದಿದೆ ಎಂದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಇದಕ್ಕೆ 10% ಬೇಕೇ ಬೇಕೆಂದಿಲ್ಲ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 2% ನಯಾಸಿನಮೈಡ್ ಹಚ್ಚಿದ ಜಪಾನಿ ಸ್ವಯಂಸೇವಕರಲ್ಲಿ ನಾಲ್ಕು ವಾರದೊಳಗೇ ಜಿಡ್ಡು ಕಡಿಮೆಯಾಗಿತ್ತು. ಪ್ರಮಾಣ ಏರಿದಷ್ಟೂ ಉರಿ, ಕೆಂಪಾಗುವ ಸಾಧ್ಯತೆ ಹೆಚ್ಚು. ನಿಮ್ಮ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಲೇಬಲ್‌ಗಳನ್ನೂ ಒಮ್ಮೆ ಓದಿ. ಅವುಗಳಲ್ಲೂ ನಯಾಸಿನಮೈಡ್ ಇರುವುದು ಸಾಮಾನ್ಯ. ಮೂರೂ ಸೇರಿ ಕೆನ್ನೆಗೆ ಭಾರವಾಗಿರಬಹುದು.

ಚರ್ಮ ಶಾಂತವಾದ ಮೇಲೆ 4-5% ಇರುವುದನ್ನು ತೆಗೆದುಕೊಂಡು, ಮೂರು ನಾಲ್ಕು ರಾತ್ರಿ ದವಡೆಯ ಅಂಚಿನಲ್ಲಿ ಮಾತ್ರ ಹಚ್ಚಿ ನೋಡಿ. ತೊಂದರೆಯಾಗದಿದ್ದರೆ ದಿನ ಬಿಟ್ಟು ದಿನ ರಾತ್ರಿ, ಒಣಗಿದ ಮುಖಕ್ಕೆ ಎರಡು ಮೂರು ಹನಿ, ಅದರ ಮೇಲೆ ಮಾಯಿಶ್ಚರೈಸರ್. ಹೊಸ ಮೊಡವೆ ಅಥವಾ ತುರಿಕೆ ಬಂದರೆ "ಪರ್ಜಿಂಗ್, ತಾನೇ ಹೋಗುತ್ತದೆ" ಎಂದು ಮುಂದುವರಿಸಬೇಡಿ. ಆ ಮಾತು ಚರ್ಮದ ಪದರ ಬೇಗ ಉದುರಿಸುವ ರೆಟಿನಾಯ್ಡ್, ಆಸಿಡ್‌ಗಳಿಗೆ ಹೊಂದುತ್ತದೆ, ನಯಾಸಿನಮೈಡ್‌ಗೆ ಅಲ್ಲ.

ಮುಖ ಪದೇ ಪದೇ ಕೆಂಪಾಗುವ ರೊಸೇಶಿಯಾ ಅಥವಾ ಎಕ್ಸಿಮಾ ಇರುವವರು, ರೆಟಿನಾಯ್ಡ್ ಅಥವಾ ಆಸಿಡ್ ಹಚ್ಚಿ ಮುಖ ಸಿಪ್ಪೆ ಏಳುತ್ತಿರುವವರು ಎಚ್ಚರವಾಗಿರಬೇಕು. ನಮಗೆ ಹೆಚ್ಚು ಚಿಂತೆ ಮೆಡಿಕಲ್ ಶಾಪ್‌ನಿಂದ "ಬೆಳ್ಳಗಾಗುವ" ಸ್ಟೀರಾಯ್ಡ್ ಕ್ರೀಮ್ ತಂದು ತಿಂಗಳುಗಟ್ಟಲೆ ಹಚ್ಚಿಕೊಂಡವರದು. ಬೆಟಾಮೆಥಾಸೋನ್, ಕ್ಲೊಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರು ಟ್ಯೂಬಿನ ಮೇಲಿದ್ದರೆ ಅದು ಸ್ಟೀರಾಯ್ಡ್. ಅದರಿಂದ ತೆಳುವಾದ ಚರ್ಮಕ್ಕೆ ಸಾಮಾನ್ಯ ಕ್ರೀಮ್ ಕೂಡ ಉರಿಯುತ್ತದೆ. ಅಂಥವರು ಸೀರಮ್ ಬಿಟ್ಟು ಚರ್ಮವೈದ್ಯರ ಬಳಿ ಹೋಗಬೇಕು. ಸ್ಟೀರಾಯ್ಡ್ ನಿಲ್ಲಿಸುವ ಕ್ರಮವನ್ನೂ ಅವರೇ ಹೇಳಲಿ.

ಇನ್ನೊಂದು ಮಾತು: ಕೆನ್ನೆಯಲ್ಲಿರುವುದು ಹಳೆಯ ಮೊಡವೆ ಬಿಟ್ಟುಹೋದ, ಸೂಜಿ ಚುಚ್ಚಿದಂಥ ಆಳದ ಗುಳಿಗಳಾದರೆ ಅವು ರಂಧ್ರಗಳಲ್ಲ, ಕಲೆಗಳು. ಯಾವ ಸೀರಮ್ಮಿಗೂ ಅವು ತುಂಬುವುದಿಲ್ಲ. ಅದಕ್ಕೆ ಕ್ಲಿನಿಕ್‌ನಲ್ಲೇ ಚಿಕಿತ್ಸೆ ಆಗಬೇಕು.