ಕೆಲಸವಿಲ್ಲದ ರಿಪೀಟರ್ ವರ್ಷ: ದಿನಕ್ಕೆ ಏಳು ಗಂಟೆ, ವಾರಕ್ಕೊಂದು ಶನಿವಾರ

ಧಾರವಾಡದಲ್ಲಿ ಯುಪಿಎಸ್‌ಸಿ ಪ್ರಿಲಿಮ್ಸ್ ಬರೆದು ಶಿರಸಿಗೆ ಮರಳಿದ ಮರುದಿನ ಪ್ರಶ್ನೆಪತ್ರಿಕೆಯನ್ನು ಮುಂದಿಟ್ಟುಕೊಂಡು ಅಂಕ ಎಣಿಸಿದೆ. ಎಲ್ಲರೂ ಸಿಸ್ಯಾಟ್ ಎಂದು ಕರೆಯುವ ಎರಡನೇ ಪತ್ರಿಕೆಯ 80 ಪ್ರಶ್ನೆಗಳಲ್ಲಿ 42ಕ್ಕೆ ಉತ್ತರ ಗುರುತಿಸಿದ್ದೆ. 30 ಸರಿ, 12 ತಪ್ಪು. ಸರಿಯುತ್ತರಕ್ಕೆ ಎರಡೂವರೆ ಅಂಕದಂತೆ 75. ಪ್ರತಿ ತಪ್ಪಿಗೆ ಅದರ ಮೂರನೇ ಒಂದು ಭಾಗ ಕಳೆಯುತ್ತಾರೆ, ಹಾಗಾಗಿ 10 ಹೋಗಿ 65 ಉಳಿಯಿತು. ಅರ್ಹತೆಗೆ ಬೇಕಾದದ್ದು 200ಕ್ಕೆ ಶೇ 33, ಅಂದರೆ 66. ಕೊನೆಯ ಹತ್ತು ನಿಮಿಷದಲ್ಲಿ ಊಹೆಯಿಂದ ಗುರುತಿಸಿ ತಪ್ಪಿದ ನಾಲ್ಕನ್ನು ಖಾಲಿ ಬಿಟ್ಟಿದ್ದರೆ 68.33 ಆಗುತ್ತಿತ್ತು. ಎರಡನೇ ಪತ್ರಿಕೆಯಲ್ಲಿ ಅರ್ಹತೆ ಸಿಗದಿದ್ದರೆ ಮೊದಲನೆಯದರಲ್ಲಿ ಎಷ್ಟು ಅಂಕ ಬಂದರೂ ಲೆಕ್ಕಕ್ಕಿಲ್ಲ.

ಆ ವರ್ಷ ನಾನು ದಿನಕ್ಕೆ ಹತ್ತು ಗಂಟೆ ಓದಿದ್ದೆ. ಅದರಲ್ಲಿ ಸಿಸ್ಯಾಟ್‌ಗೆ ಕೊಟ್ಟದ್ದು ಕೊನೆಯ ಮೂರು ವಾರ. ಉಳಿದ ಸಮಯವೆಲ್ಲ ಮೊದಲೇ ಎರಡು ಸಲ ಓದಿದ್ದ ರಾಜ್ಯಶಾಸ್ತ್ರ ಮತ್ತು ಇತಿಹಾಸದ ಪುಸ್ತಕಗಳಿಗೆ ಹೋಯಿತು. ರಿಪೀಟರ್ ಆದವರು ಮೊದಲು ತಿಳಿಯಬೇಕಾದದ್ದು ಇದನ್ನೇ. ಪರಿಚಿತ ಪುಟ ಸಲೀಸಾಗಿ ಸಾಗುತ್ತದೆ, ಸಾಗಿದ್ದನ್ನು ಕಲಿತಂತೆ ಮನಸ್ಸು ಒಪ್ಪಿಕೊಂಡುಬಿಡುತ್ತದೆ. ಕೆಲಸಕ್ಕೆ ಹೋಗುವವರಿಗೆ ಕಚೇರಿಯ ಹೊತ್ತು ಒಂದು ಅಂಚು ಕೊಡುತ್ತದೆ. ಮನೆಯಲ್ಲೇ ಇರುವವರ ದಿನಕ್ಕೆ ಅಂಚೇ ಇಲ್ಲ. ಕಷ್ಟದ ವಿಷಯವನ್ನು ‘ಸಂಜೆ ನೋಡೋಣ’ ಎಂದು ಸರಿಸುತ್ತಾ ಹೋದರೆ ಹನ್ನೆರಡು ತಿಂಗಳು ಸರಿದುಹೋಗುತ್ತವೆ. ಈ ಟಿಪ್ಪಣಿಯನ್ನು ಬರೆಯುತ್ತಿರುವುದು ಆ ಅಂಚುಗಳನ್ನು ನಾವೇ ಹಾಕಿಕೊಳ್ಳುವ ಬಗೆಯನ್ನು ತಿಳಿಸಲು.

ವರ್ಷದ ಚೌಕಟ್ಟು

2025ರಲ್ಲಿ ಪ್ರಿಲಿಮ್ಸ್ ನಡೆದದ್ದು ಮೇ 25ರಂದು, ಮೇನ್ಸ್ ಆರಂಭವಾದದ್ದು ಆಗಸ್ಟ್ 22ರಂದು. ಎರಡರ ನಡುವೆ ಮೂರು ತಿಂಗಳೂ ಪೂರ್ತಿ ಇಲ್ಲ. ಅಷ್ಟರಲ್ಲಿ ಐಚ್ಛಿಕ ವಿಷಯವನ್ನು ಮೊದಲಿಂದ ಓದಿ ಮುಗಿಸಲಾಗದು. ಆದ್ದರಿಂದ ವರ್ಷವನ್ನು ಮೇನ್ಸ್‌ನಿಂದ ಶುರು ಮಾಡಿ ಪ್ರಿಲಿಮ್ಸ್‌ನಲ್ಲಿ ಮುಗಿಸಬೇಕು.

ಜೂನ್‌ನಿಂದ ಅಕ್ಟೋಬರ್‌ವರೆಗೆ ನಾನು ಐಚ್ಛಿಕ ವಿಷಯವಾದ ಕನ್ನಡ ಸಾಹಿತ್ಯ ಮತ್ತು ಉತ್ತರ ಬರೆಯುವ ಅಭ್ಯಾಸಕ್ಕೆ ಕೊಟ್ಟೆ. ನಮ್ಮ ಊರಿಗೆ ಇದು ಇನ್ನೊಂದು ಕಾರಣಕ್ಕೂ ಹೊಂದುತ್ತದೆ. ಆ ತಿಂಗಳುಗಳಲ್ಲಿ ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್ ಕೂಡ. ವೀಡಿಯೋ ಪಾಠ, ಆನ್‌ಲೈನ್ ಟೆಸ್ಟ್‌ಗಳನ್ನು ನಂಬಿದವರ ದಿನ ಅಲ್ಲಿಗೆ ಕೆಟ್ಟಂತೆ. ಪುಸ್ತಕ, ಹಾಳೆ, ಪೆನ್ನು ಸಾಕಾಗುವ ಕೆಲಸವನ್ನೇ ಮಳೆಗಾಲಕ್ಕೆ ಇಡಿ. ನವೆಂಬರ್‌ನಿಂದ ಜನವರಿಯವರೆಗೆ ಸಾಮಾನ್ಯ ಅಧ್ಯಯನ, ಅದೂ ಹಳೆಯ ಪ್ರಶ್ನೆಗಳನ್ನು ಮೊದಲು ಬಿಡಿಸಿ, ತಪ್ಪಿದ ಭಾಗವನ್ನು ಮಾತ್ರ ಪುಸ್ತಕದಲ್ಲಿ ಓದುವ ಕ್ರಮದಲ್ಲಿ. ಫೆಬ್ರುವರಿಯಿಂದ ಪ್ರಿಲಿಮ್ಸ್ ಬಿಟ್ಟು ಬೇರೇನೂ ಇಲ್ಲ.

ಸಿಸ್ಯಾಟ್‌ಗೆ ಮಾತ್ರ ತಿಂಗಳುಗಳ ಹಂಚಿಕೆ ಇಲ್ಲ. ಜೂನ್‌ನಿಂದಲೇ ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನದ ಅವಧಿ ಅದಕ್ಕೆ ಮೀಸಲು. ಗಣಿತ, ತರ್ಕ, ಗದ್ಯಭಾಗದ ಪ್ರಶ್ನೆಗಳು ಕೈಗೆ ಬರುವುದು ನಿಧಾನ, ಬಿಟ್ಟರೆ ತಪ್ಪಿಹೋಗುವುದು ಬೇಗ. ವಾರಕ್ಕೆ ಎರಡು ಸಲ ಮುಟ್ಟುವುದು ಕೊನೆಯ ತಿಂಗಳು ದಿನವಿಡೀ ಮಾಡುವುದಕ್ಕಿಂತ ಮೇಲು ಎಂಬುದನ್ನು ನಾನು ಆ 65 ಅಂಕ ತೆತ್ತು ಕಲಿತೆ.

ದಿನದ ಮಿತಿ

ಎಷ್ಟು ಗಂಟೆ ಓದಲೇಬೇಕು ಎಂದು ಎಲ್ಲರೂ ಗುರಿ ಹಾಕುತ್ತಾರೆ. ಎಷ್ಟು ಗಂಟೆಗಿಂತ ಹೆಚ್ಚು ಓದಬಾರದು ಎಂದು ಬರೆದಿಟ್ಟುಕೊಂಡವರು ಅಪರೂಪ. ನನ್ನ ಮೇಲ್ಮಿತಿ ಏಳು ಗಂಟೆ, ಫೆಬ್ರುವರಿಯ ನಂತರ ಎಂಟು. ಕೆಳಮಿತಿ ನಾಲ್ಕು. ಜ್ವರ, ನೆಂಟರು, ಬೇಸರ ಏನೇ ಇದ್ದರೂ ನಾಲ್ಕು ಆದರೆ ಆ ದಿನಕ್ಕೆ ಸರಿ ಗುರುತು ಹಾಕುತ್ತೇನೆ.

ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಅತಿ ಕಷ್ಟದ ವಿಷಯ. ತಿಂಡಿ, ಸ್ನಾನ. ಹತ್ತರಿಂದ ಹನ್ನೆರಡೂವರೆಯವರೆಗೆ ಎರಡನೇ ಅವಧಿ. ಊಟ, ಸ್ವಲ್ಪ ನಿದ್ದೆ. ಮೂರರಿಂದ ನಾಲ್ಕೂವರೆಯವರೆಗೆ ಬರವಣಿಗೆ, ಮಂಗಳವಾರ ಮತ್ತು ಶುಕ್ರವಾರವಾದರೆ ಸಿಸ್ಯಾಟ್. ಚಹಾ ಕುಡಿದು ಅರ್ಧ ಗಂಟೆ ದಿನಪತ್ರಿಕೆ. ಐದೂವರೆಗೆ ಮೇಜು ಬಂದ್. ಕೂತಾಗ ಒಂದು, ಎದ್ದಾಗ ಒಂದು ಎಂದು ವಹಿಯಲ್ಲಿ ಹೊತ್ತು ಬರೆಯಿರಿ. ಚಹಾಕ್ಕೆ ಎದ್ದದ್ದು, ಮೊಬೈಲ್ ನೋಡಿದ್ದು ಎಣಿಕೆಗೆ ಇಲ್ಲ. ನನ್ನ ಹಳೆಯ ಹತ್ತು ಗಂಟೆಯನ್ನು ಹೀಗೆ ಅಳೆದಾಗ ಆರಕ್ಕೆ ಇಳಿಯಿತು. ಹಾಗಾಗಿ ಏಳು ಎಂಬುದು ಸಣ್ಣ ಸಂಖ್ಯೆಯಲ್ಲ.

ಮೇಲ್ಮಿತಿ ಏಕೆ ಎಂಬುದನ್ನು ನೀವೇ ಪರೀಕ್ಷಿಸಬಹುದು. ಬೆಳಿಗ್ಗೆ ಕೂತ ಕೂಡಲೇ ಪುಸ್ತಕ ತೆರೆಯದೆ ಖಾಲಿ ಹಾಳೆಯ ಮೇಲೆ ಹಿಂದಿನ ದಿನ ಓದಿದ್ದನ್ನು ಹತ್ತು ನಿಮಿಷ ಬರೆಯಿರಿ. ರಾತ್ರಿ ಹತ್ತಕ್ಕೆ ಓದುತ್ತಿದ್ದ ಕಾಲದಲ್ಲಿ ನನಗೆ ಬೆಳಗಿನ ಅವಧಿಯ ವಿಷಯ ಅರ್ಧ ಪುಟ ಬರುತ್ತಿತ್ತು, ರಾತ್ರಿಯದು ಎರಡು ಮೂರು ಸಾಲಿಗೆ ನಿಲ್ಲುತ್ತಿತ್ತು. ರಾತ್ರಿಯ ಆ ಓದು ಮರುದಿನದ ಆರೂವರೆಯ ಅವಧಿಯನ್ನೂ ತಿನ್ನುತ್ತಿತ್ತು, ಎಂಟಕ್ಕೆ ಮೊದಲು ಏಳಲಾಗುತ್ತಿರಲಿಲ್ಲ.

ಬರವಣಿಗೆಗೂ ಅಳತೆ ಬೇಕು. ಮೇನ್ಸ್‌ನ ಮೊದಲ ಮೂರು ಸಾಮಾನ್ಯ ಅಧ್ಯಯನ ಪತ್ರಿಕೆಗಳಲ್ಲಿ ಮೂರು ಗಂಟೆಗೆ 20 ಪ್ರಶ್ನೆ. ಹತ್ತು ಪ್ರಶ್ನೆಗಳಿಗೆ 150 ಪದ, ಇನ್ನು ಹತ್ತಕ್ಕೆ 250 ಪದ. ಚಿಕ್ಕದಕ್ಕೆ 7 ನಿಮಿಷ, ದೊಡ್ಡದಕ್ಕೆ 11 ನಿಮಿಷ ಹಾಕಿದರೆ ಸರಿಯಾಗಿ 180 ನಿಮಿಷ. ಮಧ್ಯಾಹ್ನದ ಅವಧಿಯಲ್ಲಿ ದಿನಕ್ಕೆ ನಾಲ್ಕು ಉತ್ತರ ಸಾಕು, ಗಡಿಯಾರ ಇಟ್ಟುಕೊಂಡು. ಉಳಿದ ಹೊತ್ತು ಅವನ್ನೇ ಕೆಂಪು ಪೆನ್ನಿನಿಂದ ತಿದ್ದಲು.

ಜನರ ಸಂಪರ್ಕ

ಮೊದಲ ವರ್ಷ ನಾನು ಮದುವೆ, ಮುಂಜಿ ಎಲ್ಲವನ್ನೂ ತಪ್ಪಿಸಿದೆ. ಓದಿನ ನೆಪ ಹೇಳಿದೆ. ನಿಜವಾದ ಕಾರಣ, ‘ಈಗ ಏನು ಮಾಡುತ್ತಿದ್ದೀಯಾ?’ ಎಂಬ ಪ್ರಶ್ನೆ. ಡಿಸೆಂಬರ್ ಹೊತ್ತಿಗೆ ಅಪ್ಪ ಅಮ್ಮನನ್ನು ಬಿಟ್ಟು ಬೇರೆಯವರ ಜೊತೆ ಮಾತಾಡಿ ವಾರಗಳೇ ಆಗಿದ್ದವು. ಒಂದು ತಪ್ಪು ಉತ್ತರ ಸಿಕ್ಕರೆ ದಿನವಿಡೀ ಅದೇ ತಲೆಯಲ್ಲಿ ತಿರುಗುತ್ತಿತ್ತು. ಅದನ್ನು ಮರೆಸುವ ಮಾತು ಸುತ್ತಲೂ ಇರಲಿಲ್ಲ.

ಎರಡನೇ ವರ್ಷ ಸಂಪರ್ಕವನ್ನೂ ವೇಳಾಪಟ್ಟಿಗೆ ಸೇರಿಸಿದೆ. ಶನಿವಾರ ಮಧ್ಯಾಹ್ನದ ಮೇಲೆ ಕುಮಟಾದಿಂದ ಬರುವ ಜೊತೆಗಾರನೊಡನೆ ಎರಡು ಗಂಟೆ ಉತ್ತರಪತ್ರಿಕೆಗಳ ವಿನಿಮಯ. ಅವನದನ್ನು ನಾನು, ನನ್ನದನ್ನು ಅವನು ತಿದ್ದುತ್ತೇವೆ. ಘಟ್ಟದ ರಸ್ತೆ ಮಳೆಗೆ ಕೆಟ್ಟ ದಿನ ಫೋಟೋ ಕಳಿಸಿ ಫೋನಿನಲ್ಲಿ ಮಾತಾಡುತ್ತೇವೆ. ಐವರು ಹತ್ತು ಮಂದಿಯ ಗುಂಪಿಗಿಂತ ಒಬ್ಬನೇ ಸಾಕು. ಗುಂಪು ದೊಡ್ಡದಾದರೆ ಕಟ್‌ಆಫ್‌ನ ಊಹಾಪೋಹವೇ ಮಾತಾಗುತ್ತದೆ.

ಪರೀಕ್ಷೆಯ ಗಾಳಿಯೇ ಇಲ್ಲದ ಜನರೂ ಬೇಕು. ನಮ್ಮಲ್ಲಿ ಕೊನೆಕೊಯ್ಲಿನ ದಿನಗಳಲ್ಲಿ ಅದು ತಾನಾಗಿಯೇ ಸಿಗುತ್ತದೆ. ಹಸಿ ಅಡಿಕೆಯನ್ನು ಬೇಯಿಸುವ ಮೊದಲು ಸುಲಿದು ಮುಗಿಸಬೇಕು, ಆದ್ದರಿಂದ ಸಂಜೆಯಾದರೆ ದೊಡ್ಡಪ್ಪನ ಅಂಗಳದಲ್ಲಿ ಮೆಟ್ಟುಗತ್ತಿಗಳು ಸಾಲಾಗಿ ಕೂರುತ್ತವೆ. ಮೊದಲ ದಿನ ನಾನು ಅರ್ಧ ಗಂಟೆಗೇ ಏಳಲು ಹೊರಟಾಗ ದೊಡ್ಡಪ್ಪ, ‘ಕೂತುಕೋ ತಮ್ಮಾ, ಈ ಬುಟ್ಟಿ ಖಾಲಿ ಮಾಡಿ ಹೋಗು’ ಎಂದರು. ಕಾಯಿಯನ್ನು ಕತ್ತಿಯ ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುವಾಗ ಕಣ್ಣು ಬೇರೆಡೆ ಹೋದರೆ ಬೆರಳು ಕತ್ತರಿಸುತ್ತದೆ. ಆ ಹೊತ್ತಿನಲ್ಲಿ ಸಂವಿಧಾನದ ವಿಧಿಗಳು ನೆನಪಾಗುವುದಿಲ್ಲ. ಪಕ್ಕದ ಮನೆಯ ಚಿಕ್ಕಮ್ಮ ಹಿಂದಿನ ರಾತ್ರಿಯ ಯಕ್ಷಗಾನದ ಸುದ್ದಿ ಹೇಳುತ್ತಿದ್ದರು, ತೋಟಕ್ಕೆ ಮಂಗ ಬಂದ ಕಥೆ ಇನ್ನೊಬ್ಬರದು. ಎರಡು ತಾಸು ಕಳೆದು ಮನೆಗೆ ಬಂದರೆ ನಿದ್ದೆ ಕಾಯುತ್ತಿತ್ತು. ವಾರಕ್ಕೆ ಮೂರು ಸಂಜೆ ಹೀಗೆ ಹೋದೆ. ಆ ತಿಂಗಳುಗಳ ವಹಿ ತೆರೆದರೆ ಏಳು ಗಂಟೆಯ ದಿನಗಳು ಹೆಚ್ಚಾಗಿ ಕಾಣುವುದು ಅಲ್ಲಿಯೇ. ಅಡಿಕೆ ಇಲ್ಲದ ಕರಾವಳಿಯವರಿಗೆ ಸಂಜೆಯ ವಾಲಿಬಾಲ್ ಇರಬಹುದು, ಅಂಗಡಿಯ ಲೆಕ್ಕಕ್ಕೆ ಕೂರುವುದಿರಬಹುದು. ಕೈಗೆ ಕೆಲಸ ಇರಲಿ, ಪಕ್ಕದಲ್ಲಿ ಜನ ಇರಲಿ.

‘ಏನು ಮಾಡುತ್ತಿದ್ದೀಯಾ?’ ಎಂಬುದಕ್ಕೆ ಒಂದೇ ಉತ್ತರ ಸಿದ್ಧವಿಟ್ಟುಕೊಳ್ಳಿ: ‘ಮೇ ತಿಂಗಳಲ್ಲಿ ಪರೀಕ್ಷೆ ಇದೆ, ಜೂನ್‌ವರೆಗೆ ಅದೇ.’ ದಿನ ನಿಗದಿಯಾಗಿರುವ ಉತ್ತರ ಕೇಳಿದವರು ಮುಂದೆ ಕೆದಕುವುದು ಕಡಿಮೆ. ಮನೆಯವರೊಡನೆಯೂ ಹೀಗೆಯೇ. ತಿಂಗಳ ಮೊದಲ ಭಾನುವಾರ ಅಪ್ಪನ ಬಳಿ ಖರ್ಚು ಮತ್ತು ಟೆಸ್ಟ್ ಅಂಕ ಎರಡನ್ನೂ ಹೇಳುತ್ತೇನೆ. ಉಳಿದ ದಿನ ಆ ಮಾತು ಎತ್ತುವುದಿಲ್ಲ ಎಂದು ಅವರೂ ಒಪ್ಪಿದ್ದಾರೆ.

ದಾರಿ ತಪ್ಪಿದ್ದು ಗೊತ್ತಾಗುವುದು ಹೇಗೆ

ವಹಿಯಲ್ಲಿ ಗಂಟೆ ಏರುತ್ತಿದೆ, ಆದರೆ ಟೆಸ್ಟ್ ಬರೆದ ದಿನಗಳು ಇಳಿಯುತ್ತಿವೆ ಎಂದಾದರೆ ಮತ್ತೆ ಪರಿಚಿತ ಪುಟಗಳಿಗೆ ಓಡಿದ್ದೀರಿ. ಶನಿವಾರದ ಭೇಟಿಯನ್ನು ಎರಡು ಸಲ ಬಿಟ್ಟಿದ್ದರೆ, ತೋರಿಸಲು ಬರವಣಿಗೆ ಇಲ್ಲ ಎಂದೇ ಅರ್ಥ. ಆಗ ಹೊಸ ವೇಳಾಪಟ್ಟಿ ಬರೆಯಲು ಕೂರಬೇಡಿ. ಮೂರು ದಿನ ಕೆಳಮಿತಿಯ ನಾಲ್ಕು ಗಂಟೆ ಮಾತ್ರ ಮಾಡಿ, ಅದರಲ್ಲಿ ಎರಡು ಗಂಟೆ ಪ್ರಶ್ನೆ ಬಿಡಿಸುವುದಕ್ಕೆ. ನಾಲ್ಕನೇ ದಿನ ಹಳೆಯ ಪಟ್ಟಿಗೇ ಮರಳಿ. ಎರಡು ವಾರ ನಿದ್ದೆ, ಊಟ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದು ವೇಳಾಪಟ್ಟಿಯಿಂದ ಸರಿಹೋಗುವುದಲ್ಲ. ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಾರ್ಚ್‌ನಿಂದ ಭಾನುವಾರ ಪೂರ್ಣ ತಾಲೀಮು. ಪರೀಕ್ಷೆಯ ಹೊತ್ತಿಗೇ, ಒಂಬತ್ತೂವರೆಯಿಂದ ಹನ್ನೊಂದೂವರೆಗೆ ಮೊದಲ ಪತ್ರಿಕೆ, ಎರಡೂವರೆಯಿಂದ ನಾಲ್ಕೂವರೆಗೆ ಸಿಸ್ಯಾಟ್. ಊಟದ ನಂತರ ಕಣ್ಣು ಎಳೆಯುವ ಹೊತ್ತಿನಲ್ಲೇ ಆ ಪತ್ರಿಕೆ ಬರುವುದರಿಂದ ಬೆಳಿಗ್ಗೆ ಮನೆಯಲ್ಲಿ ಬಿಡಿಸಿದ ಅಂಕವನ್ನು ನಂಬಬೇಡಿ. ಭಾನುವಾರ ಮಧ್ಯಾಹ್ನ ಸತತ ನಾಲ್ಕು ವಾರ 80 ದಾಟಿದ ಮೇಲೆಯೇ ನಾನು ವಾರದ ಎರಡು ಅವಧಿಗಳಲ್ಲಿ ಒಂದನ್ನು ಕಡಿಮೆ ಮಾಡಿದೆ.

ಕೊನೆಯದಾಗಿ ವಹಿಯ ಮೊದಲ ಪುಟ. ಸಾಮಾನ್ಯ ವರ್ಗದವರಿಗೆ ಆರೇ ಪ್ರಯತ್ನ, ಪ್ರಿಲಿಮ್ಸ್‌ನ ಒಂದು ಪತ್ರಿಕೆಗೆ ಕೂತರೂ ಒಂದು ಪ್ರಯತ್ನ ಕಳೆದಂತೆ. ಅದಕ್ಕೇ ಈ ಸಲ ಪ್ರಿಲಿಮ್ಸ್ ದಾಟದಿದ್ದರೆ ಏನು ಮಾಡುತ್ತೇನೆ ಎಂಬುದನ್ನು ಕಳೆದ ಜೂನ್‌ನಲ್ಲೇ, ಮನಸ್ಸು ತಿಳಿಯಾಗಿದ್ದಾಗ, ಬರೆದು ಅಪ್ಪನ ಎದುರು ಸಹಿ ಹಾಕಿದ್ದೇನೆ: ಫಲಿತಾಂಶ ಬಂದ ಹದಿನೈದು ದಿನದೊಳಗೆ ಕೆಲಸಕ್ಕೆ ಅರ್ಜಿ, ಮುಂದಿನ ಪ್ರಯತ್ನ ಕೆಲಸದ ಜೊತೆಗೆ.