ಕ್ರೀಮ್ ಹಚ್ಚಿದರೂ ಡೈಪರ್ ಜಾಗದ ಕೆಂಪು ಹರಡುತ್ತಿದೆ, ಯಾಕೆ?

ಓದುಗರ ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮಗಳಿಗೆ 8 ತಿಂಗಳು. ಎರಡು ವಾರದ ಹಿಂದೆ ಕಿವಿ ನೋವಿಗೆ ಡಾಕ್ಟರು ಆಂಟಿಬಯೋಟಿಕ್ ಕೊಟ್ಟಿದ್ದರು. ಆಮೇಲೆ ಭೇದಿ ಶುರುವಾಯಿತು. ಈಗ ಡೈಪರ್ ಹಾಕುವ ಜಾಗವೆಲ್ಲ ಕೆಂಪಾಗಿದೆ. ಐದು ದಿನದಿಂದ ರ‍್ಯಾಶ್ ಕ್ರೀಮ್ ಹಚ್ಚುತ್ತಿದ್ದೇವೆ, ಅತ್ತೆಯವರು ಪೌಡರ್ ಹಾಕುತ್ತಾರೆ. ಆದರೂ ಕೆಂಪು ಹರಡುತ್ತಲೇ ಇದೆ. ಮೆಡಿಕಲ್ ಅಂಗಡಿಯವರು ಬೇರೊಂದು ಟ್ಯೂಬ್ ಕೊಟ್ಟಿದ್ದಾರೆ. ಹಚ್ಚಬಹುದೇ?

ಆ ಟ್ಯೂಬ್ ಸದ್ಯಕ್ಕೆ ಹಾಗೇ ಇರಲಿ, ಅದರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಒಂದು ಕೆಲಸ ಮಾಡಿ. ಕಿಟಕಿ ಹತ್ತಿರ, ಒಳ್ಳೆ ಬೆಳಕಿನಲ್ಲಿ ಮಗುವನ್ನು ಮಲಗಿಸಿ, ತೊಡೆಸಂದಿಯ ಮಡಿಕೆಯನ್ನು ಮೆಲ್ಲಗೆ ಬಿಡಿಸಿ ನೋಡಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಒದ್ದೆ ಮತ್ತು ಉಜ್ಜಾಟದಿಂದ ಬರುವ ಮಾಮೂಲಿ ರ‍್ಯಾಶ್ ಡೈಪರ್ ತಾಗುವ ಉಬ್ಬಿದ ಜಾಗಗಳಲ್ಲಿ ಇರುತ್ತದೆ. ಅಂದರೆ ಪಿರ್ರೆ, ತೊಡೆಯ ಒಳಬದಿ, ಕೆಳಹೊಟ್ಟೆ. ಮಡಿಕೆಯ ಆಳಕ್ಕೆ ಡೈಪರ್ ತಾಗುವುದಿಲ್ಲ, ಹಾಗಾಗಿ ಅಲ್ಲಿನ ಚರ್ಮ ಹೆಚ್ಚಾಗಿ ಚೆನ್ನಾಗಿಯೇ ಉಳಿದಿರುತ್ತದೆ. ಫಂಗಸ್ ಹಾಗಲ್ಲ. ಅದಕ್ಕೆ ಬೇಕಾಗಿರುವುದೇ ಬೆಚ್ಚಗಿನ, ಒದ್ದೆಯಾದ, ಗಾಳಿಯಾಡದ ಜಾಗ. ಮಡಿಕೆಯ ತಳದಲ್ಲೇ ಗಾಢವಾದ, ಹೊಳೆಯುವ ಕೆಂಪು ಕಂಡರೆ ಫಂಗಸ್ ಅಂತ ಅನುಮಾನಿಸಬೇಕು. ಆ ಕೆಂಪಿನ ಅಂಚು ಎದ್ದು ಕಾಣುತ್ತದೆ. ಅಲ್ಲಿ ಸಣ್ಣಗೆ ಸಿಪ್ಪೆ ಏಳುತ್ತಿರಬಹುದು. ಇನ್ನೂ ಮುಖ್ಯವಾದ ಗುರುತು ಅಂದರೆ, ಅಂಚಿನಿಂದ ಸ್ವಲ್ಪ ಆಚೆಗೆ ಒಳ್ಳೆ ಚರ್ಮದ ಮೇಲೆ ಚೆಲ್ಲಿದ ಹಾಗೆ ಬಿಡಿಬಿಡಿಯಾಗಿ ಇರುವ ಸಾಸಿವೆ ಕಾಳಿನಷ್ಟು ಕೆಂಪು ಗುಳ್ಳೆಗಳು. ಬಾಯಿಯನ್ನೂ ನೋಡಿ. ಕೆನ್ನೆಯ ಒಳಬದಿಯಲ್ಲಿ ಒರೆಸಿದರೂ ಹೋಗದ ಬಿಳಿ ಪದರ ಇದ್ದರೆ ಅಲ್ಲಿರುವುದೂ ಇದೇ ಫಂಗಸ್. ಇದರ ಹೆಸರು ಕ್ಯಾಂಡಿಡಾ.

ಇದು ಎಲ್ಲಿಂದಲೋ ಅಂಟಿಕೊಂಡು ಬಂದದ್ದಲ್ಲ, ಮಗುವಿನ ಕರುಳಿನಲ್ಲಿ ಸುಮ್ನೆ ಇದ್ದದ್ದೇ. ಆಂಟಿಬಯೋಟಿಕ್ ಅದನ್ನು ಅಂಕೆಯಲ್ಲಿಟ್ಟಿದ್ದ ಬ್ಯಾಕ್ಟೀರಿಯಾಗಳನ್ನು ಕಡಿಮೆ ಮಾಡಿತು. ಜೊತೆಗೆ ಭೇದಿ. ಮಲದಲ್ಲಿರುವ ಜೀರ್ಣರಸಗಳು ಮೂತ್ರದ ಜೊತೆ ಸೇರಿದಾಗ ಇನ್ನೂ ಚುರುಕಾಗಿ ಚರ್ಮದ ಮೇಲ್ಪದರವನ್ನು ಕೆಡಿಸುತ್ತವೆ. ಹಾಗೆ ಕೆಟ್ಟ ಚರ್ಮದಲ್ಲಿ ಫಂಗಸ್ ನೆಲೆ ಊರಿತು. ನಿಮ್ಮ ತಪ್ಪು ಏನೂ ಇಲ್ಲ. ಒಳ್ಳೆ ಆರೈಕೆ ಮಾಡಿದರೂ ಮೂರು ದಿನದಲ್ಲಿ ಇಳಿಯದ ರ‍್ಯಾಶ್‌ನಲ್ಲಿ ಫಂಗಸ್ ಸೇರಿಕೊಂಡಿರುವುದೇ ಜಾಸ್ತಿ. ನೀವು ಬರೆದದ್ದನ್ನು ಓದಿದರೆ ನನಗೂ ಹಾಗೇ ಅನಿಸುತ್ತದೆ. ಆದರೂ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ.

ಹಾಗಾದರೆ ನೀವು ಹಚ್ಚುತ್ತಿದ್ದ ರ‍್ಯಾಶ್ ಕ್ರೀಮ್ ದಂಡವೇ? ಅಲ್ಲ. ಅದರಲ್ಲಿರುವ ಜಿಂಕ್ ಆಕ್ಸೈಡ್ ಚರ್ಮಕ್ಕೂ ಒದ್ದೆಗೂ ನಡುವೆ ಗೋಡೆ ಕಟ್ಟುತ್ತದೆ. ಆದರೆ ಗೋಡೆಯ ಒಳಗೆ ಆಗಲೇ ಸೇರಿಕೊಂಡಿರುವ ಫಂಗಸ್ಸನ್ನು ಅದು ಕೊಲ್ಲುವುದಿಲ್ಲ. ಅದಕ್ಕೆ ಬೇರೆ ಮದ್ದು ಬೇಕು. ಸಾಮಾನ್ಯವಾಗಿ ಡಾಕ್ಟರು ಬರೆಯುವುದು 1% ಕ್ಲೋಟ್ರಿಮಜೋಲ್ ಕ್ರೀಮ್. ದಿನಕ್ಕೆ ಎರಡು ಮೂರು ಸಲ, ಮಡಿಕೆಯ ಒಳಗೂ, ಗುಳ್ಳೆಗಳಿರುವ ಅಂಚಿನ ಆಚೆಗೂ ತೆಳ್ಳಗೆ ಹಚ್ಚಬೇಕು. ಅದು ಚರ್ಮಕ್ಕೆ ಹಿಡಿಯಲು ಕೆಲವು ನಿಮಿಷ ಬಿಡಿ. ಆಮೇಲೆ ಅದರ ಮೇಲೆ ಜಿಂಕ್ ಕ್ರೀಮ್. ಕ್ರಮ ತಿರುವುಮುರುವಾದರೆ ಮದ್ದು ಚರ್ಮಕ್ಕೆ ತಲುಪುವುದೇ ಇಲ್ಲ.

ಜಿಂಕ್ ಕ್ರೀಮನ್ನು ಚಪಾತಿಗೆ ತುಪ್ಪ ಸವರಿದಂತೆ ಹಚ್ಚಿದರೆ ಸಾಲದು. ಗೋಡೆಗೆ ಸುಣ್ಣ ಬಳಿದಂತೆ, ಕೆಳಗಿನ ಕೆಂಪು ಕಾಣದಷ್ಟು ದಪ್ಪಗೆ ಹಚ್ಚಿ. ಡೈಪರ್ ಬದಲಿಸುವಾಗಲೆಲ್ಲ ಅದನ್ನು ಪೂರ್ತಿ ಉಜ್ಜಿ ತೆಗೆಯುವ ತಪ್ಪನ್ನು ತುಂಬಾ ಮನೆಗಳಲ್ಲಿ ನೋಡಿದ್ದೇನೆ. ಉಜ್ಜಿದರೆ ಹೊಸ ಚರ್ಮವೂ ಕಿತ್ತು ಬರುತ್ತದೆ. ಕೊಳೆಯಾದ ಮೇಲ್ಪದರವನ್ನಷ್ಟೇ ಉಗುರುಬೆಚ್ಚಗಿನ ನೀರು, ಹತ್ತಿಯಿಂದ ತೆಗೆದು, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿ, ಮೇಲೆ ಮತ್ತೆ ಹಚ್ಚಿ. ಮದ್ದು ಹಚ್ಚುವ ಹೊತ್ತಿನಲ್ಲಿ ಮಾತ್ರ ಹಳೆಯ ಕ್ರೀಮನ್ನು ಹತ್ತಿಗೆ ಎರಡು ಹನಿ ತೆಂಗಿನೆಣ್ಣೆ ಹಾಕಿ ಮೆಲ್ಲಗೆ ಜಾರಿಸಿ. ಪರಿಮಳದ ವೈಪ್ಸ್ ಸದ್ಯಕ್ಕೆ ಬೇಡ.

ಪೌಡರ್ ಮಾತ್ರ ಇವತ್ತೇ ನಿಲ್ಲಿಸಿ. ಅದು ಒದ್ದೆಯಾಗಿ ಮಡಿಕೆಯಲ್ಲಿ ಹಿಟ್ಟಿನ ಹಾಗೆ ಕಟ್ಟಿಕೊಂಡು ಉಜ್ಜುತ್ತದೆ. ಉದುರಿಸುವಾಗ ಮಗುವಿನ ಉಸಿರಿನ ಜೊತೆ ಶ್ವಾಸಕೋಶಕ್ಕೂ ಹೋಗುತ್ತದೆ. ಅತ್ತೆಯವರಿಗೆ ಬೇಸರವಾಗದ ಹಾಗೆ ಹೇಳಿ. ಪೌಡರ್ ಒಣಗಿಸುತ್ತದೆ ಅನ್ನುವ ನಂಬಿಕೆಯಿಂದ, ಪ್ರೀತಿಯಿಂದಲೇ ಅವರು ಹಾಕುತ್ತಿರುವುದು.

ಇನ್ನು ಆ ಟ್ಯೂಬ್. ಅದರ ಮೇಲಿನ ಸಣ್ಣಕ್ಷರ ಓದಿ. ಕ್ಲೋಟ್ರಿಮಜೋಲ್ ಜೊತೆಗೆ ಬೀಟಾಮೆಥಾಸೋನ್, ಕ್ಲೋಬೆಟಸಾಲ್ ಅಂತ ಹೆಸರಿದ್ದರೆ ಹಚ್ಚಬೇಡಿ. ಅವು ಜೋರಾದ ಸ್ಟೀರಾಯ್ಡ್‌ಗಳು. ಎರಡೇ ದಿನದಲ್ಲಿ ಕೆಂಪು ಇಳಿಯುತ್ತದೆ, ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಆದರೆ ಸ್ಟೀರಾಯ್ಡ್ ಉರಿಯನ್ನು ಅಡಗಿಸುತ್ತದೆಯೇ ಹೊರತು ಫಂಗಸ್ಸನ್ನಲ್ಲ. ನಿಲ್ಲಿಸಿದ ಕೂಡಲೇ ಮೊದಲಿಗಿಂತ ಹೆಚ್ಚಾಗಿ ಬರಬಹುದು. ಡೈಪರ್ ಒಳಗೆ ಮುಚ್ಚಿಟ್ಟ ಚರ್ಮ ಮದ್ದನ್ನು ಜಾಸ್ತಿ ಹೀರುತ್ತದೆ. ಚರ್ಮ ತೆಳುವಾಗುತ್ತದೆ, ಬಹಳ ದಿನ ಹಚ್ಚಿದರೆ ಸ್ಟೀರಾಯ್ಡ್ ರಕ್ತಕ್ಕೂ ಸೇರುತ್ತದೆ. ಉರಿ ವಿಪರೀತ ಇದ್ದಾಗ ಡಾಕ್ಟರು ಸೌಮ್ಯವಾದ ಹೈಡ್ರೋಕಾರ್ಟಿಸೋನನ್ನು ಕೆಲವೇ ದಿನಕ್ಕೆ ಬರೆಯುವುದುಂಟು. ಅದು ಬೇರೆ ಮಾತು.

ಗಾಳಿಯಾಡಿಸುವುದು ನಮ್ಮ ಮುಂಬೈ ಮಳೆಗಾಲದಲ್ಲಿ ನಿಜಕ್ಕೂ ಕಷ್ಟ. ಜುಲೈನಲ್ಲಿ ಗೋಡೆಯೇ ಬೆವರುತ್ತದೆ, ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಆದರೂ ದಿನಕ್ಕೆ ನಾಲ್ಕೈದು ಸಲ, ಒಂದೊಂದು ಸಲ 15 ನಿಮಿಷ, ಡೈಪರ್ ಇಲ್ಲದೆ ಬಿಡಿ. ನೆಲದ ಮೇಲೆ ರಬ್ಬರ್ ಶೀಟ್, ಅದರ ಮೇಲೆ ಒಣಗಿದ ಹಳೆಯ ಕಾಟನ್ ಸೀರೆ ಮಡಿಸಿ ಹಾಸಿದರೆ ಸಾಕು. ಫ್ಯಾನ್ ನಿಧಾನಕ್ಕಿರಲಿ. ಹೇರ್ ಡ್ರೈಯರ್ ಹಿಡಿಯಬೇಡಿ, ಸುಟ್ಟೀತು. ಲಂಗೋಟಿ ಕಟ್ಟುವುದಾದರೆ ಎರಡೂ ಬದಿ ಇಸ್ತ್ರಿ ಮಾಡಿ ಆರಿಸಿ, ಮೇಲೆ ಪ್ಲಾಸ್ಟಿಕ್ ಚಡ್ಡಿ ಹಾಕಬೇಡಿ. ಡೈಪರ್ ಆದರೆ ಎರಡು ಮೂರು ಗಂಟೆಗೊಮ್ಮೆ, ಕಕ್ಕ ಮಾಡಿದರೆ ಆ ಕ್ಷಣವೇ ಬದಲಿಸಿ. ಮಗುವನ್ನು ಪಾಳ್ಣಾಘರ್‌ನಲ್ಲಿ ಬಿಡುತ್ತೀರಾದರೆ ಅಲ್ಲಿಯವರಿಗೂ ಇದನ್ನು ಬರೆದು ಕೊಡಿ. ಲೋಕಲ್ ಹಿಡಿದು ಸಿಎಸ್‌ಎಂಟಿ ಕಡೆ ಹೋಗಿ ಬರುವ ತಾಯಂದಿರ ಮಕ್ಕಳಲ್ಲಿ ಬೆಳಗ್ಗೆ ಹಾಕಿದ ಡೈಪರ್ ಮಧ್ಯಾಹ್ನದವರೆಗೂ ಉಳಿದಿರುವುದನ್ನು ಕಂಡಿದ್ದೇನೆ.

ಸರಿಯಾದ ಮದ್ದು ಬಿದ್ದರೆ ಎರಡು ಮೂರು ದಿನದಲ್ಲಿ ಹೊಸ ಗುಳ್ಳೆ ಏಳುವುದು ನಿಲ್ಲುತ್ತದೆ, ಕೆಂಪು ಮಂಕಾಗುತ್ತದೆ. ಪೂರ್ತಿ ಹೋಗಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕು. ಚರ್ಮ ಚೆನ್ನಾಗಿ ಕಂಡಿತು ಅಂತ ಅವತ್ತೇ ಬಿಡಬೇಡಿ, ಡಾಕ್ಟರು ಹೇಳಿದಷ್ಟು ದಿನ ಹಚ್ಚಿ.

ಮೂರು ದಿನದಲ್ಲಿ ಬದಲಾವಣೆಯೇ ಕಾಣದಿದ್ದರೆ ಮತ್ತೆ ತೋರಿಸಿ. ಜ್ವರ ಬಂದರೆ, ಕೀವು ಅಥವಾ ನೀರು ತುಂಬಿದ ದೊಡ್ಡ ಬೊಕ್ಕೆ ಕಂಡರೆ, ಚರ್ಮ ಕಿತ್ತು ರಕ್ತ ಜಿನುಗಿದರೆ ಅವತ್ತೇ ಹೋಗಿ. ಗುದದ ಸುತ್ತ ಮಾತ್ರ ಗೆರೆ ಎಳೆದ ಹಾಗೆ ಕಡುಗೆಂಪು ಉಂಗುರವಿದ್ದು, ಮಗು ಕಕ್ಕ ಮಾಡುವಾಗ ಚೀರಿ ಅಳುತ್ತಿದ್ದರೆ ಅದು ಫಂಗಸ್ ಅಲ್ಲದೆ ಸ್ಟ್ರೆಪ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಅದಕ್ಕೆ ಮೇಲಿನ ಕ್ರೀಮ್‌ಗಳು ಸಾಕಾಗುವುದಿಲ್ಲ, ಬಾಯಿಗೆ ಹಾಕುವ ಔಷಧಿಯೇ ಬೇಕಾಗುತ್ತದೆ.